ನಡುವಿನ ಟ್ಯಾಂಕ್ ಕೊಡುತ್ತದೋ, ತೆಗೆದುಕೊಳ್ಳುತ್ತದೋ?

ಎರಡು ಟ್ಯಾಂಕುಗಳ ನಡುವೆ ಒಂದು ಪೈಪ್ ಹಾಕಿದರೆ ನೀರು ಯಾವ ಕಡೆಗೆ ಹರಿಯುತ್ತದೆಂದು ಯಾರನ್ನೂ ಕೇಳಬೇಕಾಗಿಲ್ಲ. ಎತ್ತರದ ಟ್ಯಾಂಕಿನಿಂದ ತಗ್ಗಿನ ಟ್ಯಾಂಕಿಗೆ ಹರಿಯುತ್ತದೆ. ಎಷ್ಟು ಹರಿಯುತ್ತದೆ ಎಂಬುದಷ್ಟೇ ಪ್ರಶ್ನೆ. ಅದೇ ಪೈಪಿನ ನಡುವೆ ಎಲ್ಲೋ ಒಂದು ಕವಲು ತೆಗೆದು ಮೂರನೆಯ ಟ್ಯಾಂಕನ್ನು ಸೇರಿಸಿ ನೋಡಿ. ಈ ಮೂರನೆಯದು ಎತ್ತರದಲ್ಲಿ ಮಿಕ್ಕ ಎರಡರ ನಡುವೆ ಇದೆ. ಈಗ ಅದಕ್ಕೆ ನೀರು ಬರುತ್ತದೋ, ಅದರಿಂದ ನೀರು ಹೋಗುತ್ತದೋ?

ಮೇಲಿನ ಟ್ಯಾಂಕನ್ನು ನೆನೆದವರು ‘ಬರುತ್ತದೆ’ ಎನ್ನುತ್ತಾರೆ, ಕೆಳಗಿನದನ್ನು ನೆನೆದವರು ‘ಹೋಗುತ್ತದೆ’ ಎನ್ನುತ್ತಾರೆ. ಇಬ್ಬರ ಮಾತಿಗೂ ಕಾರಣವಿದೆ. ಆದರೆ ಆ ಟ್ಯಾಂಕಿಗೆ ಇರುವುದು ಒಂದೇ ಪೈಪ್, ಅದರಲ್ಲಿ ಒಂದು ಹೊತ್ತಿಗೆ ನೀರು ಒಂದೇ ಕಡೆಗೆ ಹರಿಯಲು ಸಾಧ್ಯ. ಟ್ಯಾಂಕುಗಳ ಎತ್ತರವನ್ನು ಮಾತ್ರ ನೋಡಿಕೊಂಡು ಇದಕ್ಕೆ ಉತ್ತರ ಹೇಳಲು ಯಾರಿಂದಲೂ ಆಗದು. ಉತ್ತರ ಅಡಗಿರುವುದು ಮಣ್ಣಿನೊಳಗಿನ ಪೈಪುಗಳಲ್ಲಿ. ಸಿವಿಲ್ ಎಂಜಿನಿಯರಿಂಗ್ ಓದಿದವರೆಲ್ಲ ‘ಮೂರು ಜಲಾಶಯಗಳ ಲೆಕ್ಕ’ ಎಂದು ಇದನ್ನು ಒಮ್ಮೆಯಾದರೂ ಬಿಡಿಸಿರುತ್ತಾರೆ. ಪರೀಕ್ಷೆ ಮುಗಿದ ಮೇಲೆ ಮರೆತುಬಿಡುವಂಥ ಲೆಕ್ಕ ಇದಲ್ಲ. ಹೊಸದಾಗಿ ಕಟ್ಟಿದ ಟ್ಯಾಂಕ್ ಪೂರ್ತಿ ತುಂಬುವುದೇ ಇಲ್ಲ, ತುಂಬಿಸಿದ ನೀರು ಯಾರೂ ನಲ್ಲಿ ತಿರುಗಿಸದೆ ಖಾಲಿಯಾಗುತ್ತದೆ ಎಂಬಂಥ ದೂರುಗಳ ಬೇರು ಈ ಲೆಕ್ಕದಲ್ಲಿ ಸಿಗುತ್ತದೆ.

ಲೆಕ್ಕಕ್ಕೆಂದು ಒಂದು ಊರನ್ನು ಕಟ್ಟಿಕೊಳ್ಳೋಣ. ಊರಿನ ಪಕ್ಕದ ಗುಡ್ಡದ ಮೇಲೆ ದೊಡ್ಡ ಟ್ಯಾಂಕ್, ಅದರ ನೀರಿನ ಮಟ್ಟ 100 ಮೀಟರ್. ಪೇಟೆಯ ಏರಿನಲ್ಲಿ ಇನ್ನೊಂದು, ಅದರ ಮಟ್ಟ 85 ಮೀಟರ್. ತಗ್ಗಿನ ಹೊಸ ಬಡಾವಣೆಯಲ್ಲಿ ಮೂರನೆಯದು, 60 ಮೀಟರ್. ಈ ಎತ್ತರಗಳನ್ನೆಲ್ಲ ಒಂದೇ ಗುರುತಿನಿಂದ ಅಳೆದದ್ದು. ಟ್ಯಾಂಕಿನ ಕಂಬ ಎಷ್ಟು ಉದ್ದ ಎಂಬುದು ಇಲ್ಲಿ ಮುಖ್ಯವಲ್ಲ, ನೀರಿನ ಮೇಲ್ಮೈ ಎಲ್ಲಿದೆ ಎಂಬುದು ಮುಖ್ಯ. ಗುಡ್ಡದಿಂದ 300 ಮಿಲಿಮೀಟರ್ ಪೈಪ್ ಒಂದು ಕಿಲೋಮೀಟರ್ ಬಂದು ಒಂದು ಜಂಕ್ಷನ್ ಸೇರುತ್ತದೆ. ಅಲ್ಲಿಂದ 200 ಮಿಲಿಮೀಟರ್ ಪೈಪ್ ಅರ್ಧ ಕಿಲೋಮೀಟರ್ ಹೋಗಿ ಪೇಟೆ ಟ್ಯಾಂಕನ್ನು ಮುಟ್ಟುತ್ತದೆ. ಇನ್ನೊಂದು, 250 ಮಿಲಿಮೀಟರಿನದು, 1,200 ಮೀಟರ್ ಹೋಗಿ ಬಡಾವಣೆ ಟ್ಯಾಂಕನ್ನು ಮುಟ್ಟುತ್ತದೆ. ಮೂರು ಪೈಪುಗಳೂ ತಮ್ಮ ತಮ್ಮ ಟ್ಯಾಂಕಿನೊಳಗೆ ನೀರಿನ ಮೇಲ್ಮೈಗಿಂತ ಕೆಳಗೆ ತೆರೆದುಕೊಂಡಿವೆ, ಎಲ್ಲ ವಾಲ್ವುಗಳೂ ಪೂರ್ತಿ ತೆರೆದಿವೆ.

ಜಂಕ್ಷನ್ನಿನಲ್ಲಿ ಪೈಪಿಗೆ ತೂತು ಕೊರೆದು, ಮೇಲಕ್ಕೆ ಬಹಳ ಎತ್ತರದ ಗಾಜಿನ ಕೊಳವೆಯೊಂದನ್ನು ನಿಲ್ಲಿಸಿದ್ದೇವೆ ಎಂದು ಭಾವಿಸಿ. ಒಳಗಿನ ಒತ್ತಡಕ್ಕೆ ನೀರು ಆ ಕೊಳವೆಯಲ್ಲಿ ಮೇಲೇರಿ ಯಾವುದೋ ಒಂದು ಎತ್ತರದಲ್ಲಿ ನಿಲ್ಲುತ್ತದೆ. ಆ ಎತ್ತರವನ್ನು ಜಂಕ್ಷನ್ ಮಟ್ಟ ಎನ್ನೋಣ. ಮೂರು ಟ್ಯಾಂಕುಗಳೂ ನೇರವಾಗಿ ಒಂದನ್ನೊಂದು ನೋಡುವುದಿಲ್ಲ. ಪ್ರತಿಯೊಂದೂ ನೋಡುವುದು ಈ ಜಂಕ್ಷನ್ ಮಟ್ಟವನ್ನು ಮಾತ್ರ. ಟ್ಯಾಂಕಿನ ನೀರು ಅದಕ್ಕಿಂತ ಮೇಲಿದ್ದರೆ ಟ್ಯಾಂಕ್ ಕೊಡುತ್ತದೆ, ಕೆಳಗಿದ್ದರೆ ತೆಗೆದುಕೊಳ್ಳುತ್ತದೆ. ಗುಡ್ಡದ ಟ್ಯಾಂಕ್ ಎಲ್ಲಕ್ಕಿಂತ ಮೇಲಿರುವುದರಿಂದ ಅದು ಕೊಡಲೇಬೇಕು. ಬಡಾವಣೆಯದು ಎಲ್ಲಕ್ಕಿಂತ ಕೆಳಗಿರುವುದರಿಂದ ಅದು ತೆಗೆದುಕೊಳ್ಳಲೇಬೇಕು. ಸಂಶಯ ಉಳಿಯುವುದು ಪೇಟೆ ಟ್ಯಾಂಕಿನ ಬಗ್ಗೆ ಮಾತ್ರ, ಜಂಕ್ಷನ್ ಮಟ್ಟ 85ಕ್ಕಿಂತ ಮೇಲಿದೆಯೋ ಕೆಳಗಿದೆಯೋ ಎಂದು ತಿಳಿದ ಕೂಡಲೇ ಅದೂ ಬಗೆಹರಿಯುತ್ತದೆ.

ಆ ಮಟ್ಟವನ್ನು ನಿರ್ಧರಿಸುವುದು ಪೈಪುಗಳೊಳಗಿನ ಘರ್ಷಣೆ. ನೀರು ಪೈಪಿನ ಗೋಡೆಗೆ ಉಜ್ಜಿಕೊಂಡು ಹರಿಯುವಾಗ ಅದರ ಮಟ್ಟ ದಾರಿಯುದ್ದಕ್ಕೂ ಇಳಿಯುತ್ತಾ ಹೋಗುತ್ತದೆ. ಈ ಇಳಿತದ ಬಗ್ಗೆ ಎರಡು ಸಂಗತಿ ತಿಳಿದಿದ್ದರೆ ಸಾಕು. ಮೊದಲನೆಯದು, ಹರಿವು ಎರಡು ಪಟ್ಟಾದರೆ ಇಳಿತ ನಾಲ್ಕು ಪಟ್ಟಾಗುತ್ತದೆ, ಹರಿವು ಮೂರು ಪಟ್ಟಾದರೆ ಇಳಿತ ಒಂಬತ್ತು ಪಟ್ಟು. ಎರಡನೆಯದು, ಪೈಪಿನ ಅಗಲಕ್ಕೆ ಇಲ್ಲಿ ವಿಪರೀತ ಬೆಲೆಯಿದೆ. ಒಂದೇ ಉದ್ದ, ಒಂದೇ ಹರಿವು ಇದ್ದಾಗ 200 ಮಿಲಿಮೀಟರ್ ಪೈಪಿನಲ್ಲಿ ಆಗುವ ಇಳಿತ 300 ಮಿಲಿಮೀಟರ್ ಪೈಪಿನಲ್ಲಿ ಆಗುವುದರ ಏಳೂವರೆ ಪಟ್ಟಿಗೂ ಹೆಚ್ಚು.

ನಮ್ಮ ಮೂರು ಪೈಪುಗಳು ಒಳಗೆ ಸಾಧಾರಣ ನುಣುಪಾಗಿವೆ ಎಂದು ತೆಗೆದುಕೊಂಡರೆ, ಸೆಕೆಂಡಿಗೆ 100 ಲೀಟರ್ ಹರಿಯುವಾಗ ಗುಡ್ಡದ ಪೈಪಿನಲ್ಲಿ 6.8 ಮೀಟರ್, ಬಡಾವಣೆ ಪೈಪಿನಲ್ಲಿ 20.3 ಮೀಟರ್, ಪೇಟೆ ಪೈಪಿನಲ್ಲಿ 25.8 ಮೀಟರ್ ಇಳಿತವಾಗುತ್ತದೆ. ಪೇಟೆ ಪೈಪ್ ಮೂರರಲ್ಲಿ ಎಲ್ಲಕ್ಕಿಂತ ಗಿಡ್ಡ, ಆದರೂ ಎಲ್ಲಕ್ಕಿಂತ ಹೆಚ್ಚು ತಡೆಯುವುದು ಅದೇ, ಏಕೆಂದರೆ ಅದು ಸಣ್ಣದು. ಈ ಮೂರು ಅಂಕಿಗಳಿದ್ದರೆ ಮುಂದಿನ ಲೆಕ್ಕಕ್ಕೆ ವರ್ಗಮೂಲದ ಗುಂಡಿಯಿರುವ ಕ್ಯಾಲ್ಕ್ಯುಲೇಟರ್ ಸಾಕು. ಇಳಿತ ಎಷ್ಟೆಂದು ಗೊತ್ತಿದ್ದರೆ ಅದನ್ನು ಪೈಪಿನ ಅಂಕಿಯಿಂದ ಭಾಗಿಸಿ, ವರ್ಗಮೂಲ ತೆಗೆದು, 100ರಿಂದ ಗುಣಿಸಿದರೆ ಹರಿವು ಸಿಗುತ್ತದೆ.

ಇನ್ನು ಬೇಕಾದದ್ದು ಒಂದೇ ನಿಯಮ. ಜಂಕ್ಷನ್ನಿನಲ್ಲಿ ನೀರು ಕೂಡಿಡಲು ಜಾಗವಿಲ್ಲ, ಆದ್ದರಿಂದ ಒಳಗೆ ಬಂದಷ್ಟೂ ಹೊರಗೆ ಹೋಗಲೇಬೇಕು. ಜಂಕ್ಷನ್ ಮಟ್ಟ ಏರಿದಷ್ಟೂ ಗುಡ್ಡದಿಂದ ಬರುವುದು ಕಡಿಮೆಯಾಗುತ್ತದೆ, ಬಡಾವಣೆಗೆ ಹೋಗುವುದು ಹೆಚ್ಚಾಗುತ್ತದೆ. ಇಳಿದರೆ ಇದರ ತಿರುವುಮುರುವು. ಹಾಗಾಗಿ ಬರುವುದೂ ಹೋಗುವುದೂ ಸರಿದೂಗುವ ಮಟ್ಟ ಒಂದೇ ಒಂದಿರುತ್ತದೆ. ಅದನ್ನು ಹುಡುಕಿದರೆ ಲೆಕ್ಕ ಮುಗಿಯಿತು.

ಎಲ್ಲಿಂದ ಹುಡುಕಲು ತೊಡಗಬೇಕು ಎಂಬುದರಲ್ಲಿ ಈ ಲೆಕ್ಕದ ಜಾಣತನವೆಲ್ಲ ಇದೆ. ಜಂಕ್ಷನ್ ಮಟ್ಟ ಸರಿಯಾಗಿ ಪೇಟೆ ಟ್ಯಾಂಕಿನ ಮಟ್ಟದಷ್ಟೇ, ಅಂದರೆ 85 ಮೀಟರ್ ಇದೆ ಎಂದು ಮೊದಲು ಊಹಿಸಬೇಕು. ಆಗ ಪೇಟೆ ಪೈಪಿನಲ್ಲಿ ನೀರು ಅಲುಗುವುದೇ ಇಲ್ಲ. ಅದನ್ನು ಮರೆತು ಮಿಕ್ಕ ಎರಡನ್ನು ತೂಗಿ ನೋಡಿ. ಗುಡ್ಡದಿಂದ ಜಂಕ್ಷನ್ನಿಗೆ ಇಳಿತ 15 ಮೀಟರ್, ಅದಕ್ಕೆ ಸೆಕೆಂಡಿಗೆ 148.5 ಲೀಟರ್ ಬರುತ್ತದೆ. ಜಂಕ್ಷನ್ನಿನಿಂದ ಬಡಾವಣೆಗೆ ಇಳಿತ 25 ಮೀಟರ್, ಅದಕ್ಕೆ 111 ಲೀಟರ್ ಹೋಗುತ್ತದೆ. ಬಂದದ್ದು ಹೆಚ್ಚು, ಹೋದದ್ದು ಕಡಿಮೆ. ಸೆಕೆಂಡಿಗೆ 37 ಲೀಟರಿಗೂ ಹೆಚ್ಚು ನೀರು ದಾರಿ ಕಾಣದೆ ಉಳಿಯಿತು. ಅದಕ್ಕಿರುವ ದಾರಿ ಪೇಟೆ ಟ್ಯಾಂಕ್ ಒಂದೇ. ಜಂಕ್ಷನ್ ಮಟ್ಟ 85ರಿಂದ ಮೇಲೇರುತ್ತದೆ, ಪೇಟೆ ಟ್ಯಾಂಕ್ ನೀರು ತೆಗೆದುಕೊಳ್ಳುತ್ತದೆ. ದಿಕ್ಕಿನ ಪ್ರಶ್ನೆಗೆ ಇಷ್ಟರಲ್ಲೇ ಉತ್ತರ ಸಿಕ್ಕಿತು.

ಆದರೆ ಪೇಟೆಗೆ ಹೋಗುವುದು ಪೂರ್ತಿ 37 ಲೀಟರ್ ಅಲ್ಲ. ಮಟ್ಟ ಏರಿದ ಹಾಗೆ ಮೂರೂ ಹರಿವು ಬದಲಾಗುತ್ತವೆ. ಮಟ್ಟ 86 ಎಂದು ಹಿಡಿದರೆ ಗುಡ್ಡದಿಂದ 143.5 ಲೀಟರ್ ಬಂದು, ಪೇಟೆಗೆ 19.7 ಮತ್ತು ಬಡಾವಣೆಗೆ 113.2 ಹೋಗುತ್ತದೆ. ಇನ್ನೂ 10.6 ಲೀಟರ್ ಮಿಗುತ್ತದೆ. 87 ಎಂದು ಹಿಡಿದರೆ ಬರುವುದು 138.3, ಹೋಗಬೇಕಾದದ್ದು 143.1. ಈಗ ಸುಮಾರು ಐದು ಲೀಟರ್ ಸಾಲದು. ಹಾಗಾದರೆ ಮಟ್ಟ ಇವೆರಡರ ನಡುವೆ, 87ಕ್ಕೆ ಹತ್ತಿರವಾಗಿ ಇರಬೇಕು. ಇನ್ನೆರಡು ಸಲ ತಿದ್ದಿದರೆ 86.67ರಲ್ಲಿ ನಿಲ್ಲುತ್ತದೆ. ಗುಡ್ಡದಿಂದ ಸೆಕೆಂಡಿಗೆ 140 ಲೀಟರ್ ಬರುತ್ತದೆ, ಅದರಲ್ಲಿ 25.4 ಲೀಟರ್ ಪೇಟೆಗೆ, 114.6 ಲೀಟರ್ ಬಡಾವಣೆಗೆ.

ಮೊದಲ ಊಹೆಯನ್ನು ಬಿಟ್ಟು ನೇರವಾಗಿ ದಿಕ್ಕನ್ನು ಊಹಿಸಿಕೊಂಡು ಸಮೀಕರಣ ಬರೆಯುವವರು ಇಲ್ಲೇ ಸಿಕ್ಕಿಬೀಳುತ್ತಾರೆ. ಪೇಟೆ ಟ್ಯಾಂಕ್ ನೀರು ಕೊಡುತ್ತದೆ ಎಂದುಕೊಂಡರೆ ಜಂಕ್ಷನ್ ಮಟ್ಟ 85ಕ್ಕಿಂತ ಕೆಳಗಿರಬೇಕಾಗುತ್ತದೆ. ಹಾಗಿದ್ದರೆ ಗುಡ್ಡವೊಂದರಿಂದಲೇ 148.5 ಲೀಟರಿಗಿಂತ ಹೆಚ್ಚು ಬರುತ್ತದೆ, ಅದರ ಮೇಲೆ ಪೇಟೆಯದೂ ಸೇರುತ್ತದೆ, ಹೋಗುವುದು ಮಾತ್ರ 111ಕ್ಕಿಂತ ಕಡಿಮೆ. ಇದು ಎಂದಿಗೂ ಸರಿದೂಗದು. ಎಷ್ಟು ತಿದ್ದಿದರೂ ಲೆಕ್ಕ ಕೂಡುತ್ತಿಲ್ಲ, ಅಥವಾ ವರ್ಗಮೂಲದ ಕೆಳಗೆ ಋಣಸಂಖ್ಯೆ ಬಂತು ಎಂದಾದರೆ ಕೂಡಿಸಿದ್ದರಲ್ಲಿ ತಪ್ಪು ಹುಡುಕಬೇಡಿ. ದಿಕ್ಕನ್ನೇ ತಪ್ಪು ಹಿಡಿದಿದ್ದೀರಿ.

ಇದಕ್ಕಿಂತ ದುಬಾರಿಯಾದ ತಪ್ಪು ಇನ್ನೊಂದಿದೆ, ಅದು ತಪ್ಪೆಂದು ಕಾಣಿಸುವುದೇ ಇಲ್ಲ. ಗುಡ್ಡದಿಂದ ಬಡಾವಣೆಗೆ ಒಂದು ಲೆಕ್ಕ, ಗುಡ್ಡದಿಂದ ಪೇಟೆಗೆ ಇನ್ನೊಂದು ಲೆಕ್ಕ ಎಂದು ಬೇರೆ ಬೇರೆ ಮಾಡುವುದು. ಪೇಟೆ ಇಲ್ಲವೇ ಇಲ್ಲ ಎಂದುಕೊಂಡರೆ ಬಡಾವಣೆಗೆ 121.5 ಲೀಟರ್ ಬರುತ್ತದೆ. ಬಡಾವಣೆ ಇಲ್ಲವೆಂದುಕೊಂಡರೆ ಪೇಟೆಗೆ 67.8 ಲೀಟರ್ ಬರುತ್ತದೆ. ಎರಡೂ ಅಂಕಿ ತಮ್ಮ ಮಟ್ಟಿಗೆ ಸರಿಯೇ. ಆದರೆ ಎರಡೂ ವಾಲ್ವ್ ತೆರೆದಾಗ ಗುಡ್ಡದ ಪೈಪ್ ಎರಡು ಪಾಲಿನ ನೀರನ್ನೂ ಹೊರಬೇಕು. ಅದರ ಇಳಿತ ಹರಿವಿನ ವರ್ಗದಂತೆ ಬೆಳೆಯುವುದರಿಂದ ಜಂಕ್ಷನ್ ಮಟ್ಟ ಕುಸಿಯುತ್ತದೆ, ಆ ಕುಸಿತದ ಪೆಟ್ಟು ಹೆಚ್ಚಾಗಿ ಬೀಳುವುದು ಅದಕ್ಕೆ ಹತ್ತಿರದ ಎತ್ತರದಲ್ಲಿರುವ ಪೇಟೆ ಟ್ಯಾಂಕಿನ ಮೇಲೆ. 67.8 ಲೀಟರ್ ಎಂದು ನಂಬಿದ್ದ ಕಡೆ ಬರುವುದು 25.4. ಬಡಾವಣೆಗೆ ಆಗುವ ನಷ್ಟ ಏಳು ಲೀಟರ್ ಕೂಡ ಇಲ್ಲ. ಹೊಸ ಬಡಾವಣೆಗೆ ಸಂಪರ್ಕ ಕೊಟ್ಟ ಮೇಲೆ ಪೇಟೆಗೆ ನೀರು ಸಣ್ಣಗಾಯಿತು ಎಂದು ಜನ ದೂರಿದರೆ ಅದು ಹೊಟ್ಟೆಕಿಚ್ಚಿನ ಮಾತಲ್ಲ, ಅವರು ಹೇಳುತ್ತಿರುವುದು ನಿಜ.

ಈಗ ಪೇಟೆ ಟ್ಯಾಂಕ್ ತುಂಬುತ್ತಾ ಹೋಗಲಿ. ಅದರ ಮಟ್ಟ 88 ಮುಟ್ಟಿದಾಗ ಮತ್ತೆ ಲೆಕ್ಕ ಹಾಕಿದರೆ ಒಳಗೆ ಬರುವುದು ಸೆಕೆಂಡಿಗೆ ಸುಮಾರು 12 ಲೀಟರ್. 89ರಲ್ಲಿ ಸುಮಾರು 7. 90 ಮೀಟರಿನಲ್ಲಿ ಸೊನ್ನೆ. ಅಲ್ಲಿ ಗುಡ್ಡದಿಂದ ಬರುವ ಇಳಿತ 10 ಮೀಟರ್, ಬಡಾವಣೆಗೆ ಹೋಗುವ ಇಳಿತ 30 ಮೀಟರ್, ಎರಡೂ ಕಡೆ ಸುಮಾರು 121.5 ಲೀಟರ್. ಬಂದದ್ದೆಲ್ಲ ಪೇಟೆಯ ಕವಲನ್ನು ದಾಟಿ ನೇರ ಬಡಾವಣೆಗೆ ಹೋಗುತ್ತದೆ. ಪೇಟೆ ಟ್ಯಾಂಕ್ ಪೈಪಿಗೆ ಅಂಟಿಕೊಂಡೇ ಇದ್ದರೂ ಒಂದು ಹನಿ ಬರುವುದಿಲ್ಲ, ಹೋಗುವುದಿಲ್ಲ. ಈ 90 ಮೀಟರನ್ನು ತಿರುವು ಮಟ್ಟ ಎಂದು ಕರೆಯೋಣ. ನಡುವಿನ ಟ್ಯಾಂಕಿನ ನೀರು ಇದಕ್ಕಿಂತ ಕೆಳಗಿದ್ದರೆ ಅದು ತೆಗೆದುಕೊಳ್ಳುತ್ತದೆ, ಮೇಲಿದ್ದರೆ ಕೊಡುತ್ತದೆ.

ಈ ತಿರುವು ಮಟ್ಟ ತಿಳಿಯದೆ ಟ್ಯಾಂಕ್ ಕಟ್ಟಿದರೆ ಏನಾಗುತ್ತದೆ ನೋಡಿ. ಪೇಟೆಯ ಎತ್ತರದ ಮನೆಗಳಿಗೆ ನೀರು ಹತ್ತುತ್ತಿಲ್ಲವೆಂದು ಹಳೆಯ ಟ್ಯಾಂಕಿನ ಬದಲು ಹೊಸದನ್ನು, ತುಂಬಿದಾಗ 92 ಮೀಟರ್ ಬರುವಂತೆ ಕಟ್ಟಿದರು ಎನ್ನೋಣ. ಗುಡ್ಡದ ಟ್ಯಾಂಕ್ 100ರಲ್ಲಿದೆ, ಇನ್ನೂ ಎಂಟು ಮೀಟರ್ ಮೇಲೆ. ಹಾಗಾಗಿ ತುಂಬುವುದರಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ನೀರು 90ರ ಹತ್ತಿರ ಬಂದು ನಿಲ್ಲುತ್ತದೆ. ರಾತ್ರಿಯಿಡೀ ಬಿಟ್ಟರೂ, ವಾರವಿಡೀ ಬಿಟ್ಟರೂ ಅಷ್ಟೇ. ಟ್ಯಾಂಕಿನ ಅಡ್ಡಗಲ 10 ಮೀಟರ್ ಇದ್ದರೆ ಮೇಲಿನ ಎರಡು ಮೀಟರಿನಲ್ಲಿ ಹಿಡಿಯಬೇಕಾಗಿದ್ದ ಒಂದೂವರೆ ಲಕ್ಷ ಲೀಟರಿಗೂ ಹೆಚ್ಚಿನ ಜಾಗ ಬರೀ ಗಾಳಿಯ ಪಾಲು.

ತುಂಬುತ್ತಿಲ್ಲವಲ್ಲ ಎಂದು ಪಕ್ಕದಲ್ಲಿ ಬೋರ್‌ವೆಲ್ ಕೊರೆಸಿ ಅದರ ನೀರನ್ನು ಟ್ಯಾಂಕಿಗೆ ಬಿಟ್ಟು 92ರವರೆಗೆ ಏರಿಸಿದರೆ ಇನ್ನೂ ಕೆಡುತ್ತದೆ. ಲೆಕ್ಕ ಹೀಗಿದೆ: ಜಂಕ್ಷನ್ ಮಟ್ಟ 91.55ಕ್ಕೆ ಏರುತ್ತದೆ, ಪೇಟೆ ಟ್ಯಾಂಕಿನಿಂದ ಸೆಕೆಂಡಿಗೆ 13 ಲೀಟರ್ ಹೊರಗೆ ಹರಿಯುತ್ತದೆ, ಗುಡ್ಡದಿಂದ ಬರುವುದು 111.5ಕ್ಕೆ ಇಳಿಯುತ್ತದೆ. ಬಡಾವಣೆಗೆ 124.7 ಲೀಟರ್ ಸಿಗುತ್ತದೆ. ಪೇಟೆಯವರ ಕರೆಂಟ್ ಬಿಲ್ಲಿನಲ್ಲಿ ಮೇಲೆತ್ತಿದ ನೀರು ಬಡಾವಣೆಯಲ್ಲಿ ಇಳಿಯುತ್ತದೆ, ಗುಡ್ಡದ ಟ್ಯಾಂಕ್ ತಾನು ಕೊಡಬೇಕಾದ್ದನ್ನು ಕೊಡದೆ ಉಳಿಸಿಕೊಳ್ಳುತ್ತದೆ. ಎಲ್ಲೂ ಸೋರಿಕೆಯಿಲ್ಲ, ಕಳವಿಲ್ಲ.

ಇಂಥ ಊರಿನಲ್ಲಿ ಮುಂದೆ ಬರುವ ಸಲಹೆ ಯಾವುದೆಂದು ಹೇಳುವುದು ಕಷ್ಟವಲ್ಲ. ಪೇಟೆ ಟ್ಯಾಂಕಿಗೆ ಹೋಗುವ 200ರ ಪೈಪ್ ಸಣ್ಣದಾಯಿತು, 300ರದು ಹಾಕೋಣ ಎಂಬುದು. ನೋಡಿದರೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ತಿರುವು ಮಟ್ಟವನ್ನು ಲೆಕ್ಕ ಹಾಕುವಾಗ ಪೇಟೆ ಪೈಪಿನ ಅಂಕಿಯನ್ನು ನಾವು ಬಳಸಲೇ ಇಲ್ಲ, ಆ ಪೈಪಿನಲ್ಲಿ ಹರಿವು ಸೊನ್ನೆ ಇದ್ದಾಗಿನ ಮಾತು ಅದು. ಗುಡ್ಡದ ಪೈಪ್ ಮತ್ತು ಬಡಾವಣೆ ಪೈಪ್ ಎರಡೇ ಅದನ್ನು ತೀರ್ಮಾನಿಸುತ್ತವೆ. ಪೇಟೆ ಪೈಪನ್ನು ಎಷ್ಟೇ ದೊಡ್ಡದು ಮಾಡಿದರೂ ಟ್ಯಾಂಕ್ 90 ಮೀಟರನ್ನು ಬೇಗ ಮುಟ್ಟುತ್ತದೆಯೇ ಹೊರತು ಅದನ್ನು ದಾಟುವುದಿಲ್ಲ. 92ರವರೆಗೆ ತುಂಬಿಸಿದ್ದರೆ ಮೊದಲಿಗಿಂತ ಬೇಗ ಖಾಲಿಯಾಗುತ್ತದೆ. ಈ ಲೆಕ್ಕದಿಂದ ಸಿಗುವ ತಿಳಿವಳಿಕೆಯಲ್ಲಿ ಇದು ಎಲ್ಲಕ್ಕಿಂತ ಬೆಲೆಯುಳ್ಳದ್ದು ಎಂದು ನನ್ನ ಅಭಿಪ್ರಾಯ. ತೊಂದರೆ ಕಾಣುವ ಪೈಪ್ ಒಂದು, ತೊಂದರೆ ಇರುವ ಪೈಪ್ ಇನ್ನೊಂದು.

ಹಾಗಾದರೆ ಏನು ಮಾಡಬಹುದು? ಗುಡ್ಡದ ಪೈಪನ್ನು ಹಿರಿದು ಮಾಡಬಹುದು, ಅದು ಹಣದ ಕೆಲಸ. ಇಲ್ಲವೇ ಬಡಾವಣೆ ಪೈಪಿನ ವಾಲ್ವನ್ನು ಸ್ವಲ್ಪ ಮುಚ್ಚಬಹುದು, ಅದು ನೀರುಗಂಟಿಯ ಕೈಯ ಕೆಲಸ. ಆ ದಾರಿಯ ತಡೆ ಎರಡು ಪಟ್ಟಾಗುವಷ್ಟು ಮುಚ್ಚಿದರೆ ತಿರುವು ಮಟ್ಟ 90ರಿಂದ 94 ದಾಟಿ ಮೇಲೆ ಹೋಗುತ್ತದೆ. ಪೇಟೆ ಟ್ಯಾಂಕ್ 92ರಲ್ಲಿದ್ದಾಗಲೂ ಅದಕ್ಕೆ ಸೆಕೆಂಡಿಗೆ 15 ಲೀಟರ್ ಬರುತ್ತಲೇ ಇರುತ್ತದೆ. ಆದರೆ ಬಡಾವಣೆಗೆ 120ರ ಆಸುಪಾಸಿನಲ್ಲಿ ಹೋಗುತ್ತಿದ್ದದ್ದು 90ಕ್ಕೆ ಇಳಿಯುತ್ತದೆ. ಇದನ್ನು ಮುಚ್ಚಿಟ್ಟು ಮಾಡಬಾರದು. ಯಾರಿಗೆ ಯಾವ ಹೊತ್ತಿನಲ್ಲಿ ಎಷ್ಟು ಎಂದು ಎರಡೂ ಕಡೆಯವರ ಮುಂದೆ ಅಂಕಿಯಿಟ್ಟು ಮಾತಾಡಬೇಕಾದ ವಿಷಯ.

ತಿರುವು ಮಟ್ಟ ಒಮ್ಮೆ ಲೆಕ್ಕ ಹಾಕಿ ಗೋಡೆಗೆ ಬರೆದಿಡುವ ಅಂಕಿಯೂ ಅಲ್ಲ, ಪೈಪ್ ಹಳೆಯದಾದಂತೆ ಅದು ಬದಲಾಗುತ್ತದೆ. ಇದನ್ನು ಅಳೆದು ತೋರಿಸಿದವರು ಫ್ರಾನ್ಸಿನ ಎಂಜಿನಿಯರ್ ಆನ್ರಿ ದಾರ್ಸಿ. ತಮ್ಮ ಹುಟ್ಟೂರು ದಿಜೋನ್‌ಗೆ ಹನ್ನೆರಡು ಕಿಲೋಮೀಟರಿಗೂ ದೂರದ ಚಿಲುಮೆಯೊಂದರಿಂದ 1840ರಲ್ಲಿ ನೀರು ತಂದವರು ಅವರು. ಆಮೇಲೆ ಬೇರೆ ಬೇರೆ ಅಗಲದ, ಹೊಸ ಮತ್ತು ಹಳೆಯ ಪೈಪುಗಳಲ್ಲಿ ನೀರು ಹರಿಸಿ ಇಳಿತವನ್ನು ಅಳೆದು 1857ರಲ್ಲಿ ಪ್ರಕಟಿಸಿದರು. ಹೊಸ ಕಬ್ಬಿಣದ ಪೈಪಿನ ತಡೆಗಿಂತ ಒಳಗೆ ತುಕ್ಕುಗಟ್ಟಿದ ಹಳೆಯ ಪೈಪಿನ ತಡೆ ಸುಮಾರು ಎರಡು ಪಟ್ಟು ಎಂಬುದು ಅವರ ನಿರ್ಣಯ. ನಾವು ಇಲ್ಲಿ ಮಾಡುತ್ತಿರುವ ಲೆಕ್ಕ ನಿಂತಿರುವ ಸೂತ್ರಕ್ಕೆ ಇಂದಿಗೂ ದಾರ್ಸಿ ಮತ್ತು ಜರ್ಮನಿಯ ವೈಸ್‌ಬಾಖ್ ಇಬ್ಬರ ಹೆಸರಿದೆ.

ಆ ಎರಡು ಪಟ್ಟನ್ನು ನಮ್ಮ ಊರಿಗೆ ತಂದು ನೋಡಿ. ಗುಡ್ಡದ ಪೈಪ್ ಮಾತ್ರ ಹಳೆಯ ಕಬ್ಬಿಣದ್ದು, ಒಳಗೆ ತುಕ್ಕಿನ ಗಂಟು ಬೆಳೆದಿದೆ, ಮಿಕ್ಕವೆರಡು ಹೊಸವು. ಪೇಟೆ ಟ್ಯಾಂಕ್ ಮೊದಲಿನಂತೆಯೇ 85ರಲ್ಲಿದೆ. ಜಂಕ್ಷನ್ ಮಟ್ಟ 85 ಎಂದು ಊಹಿಸಿ ತೂಗಿದರೆ ಗುಡ್ಡದಿಂದ ಈಗ 105 ಲೀಟರ್ ಬರುತ್ತದೆ, ಬಡಾವಣೆಗೆ ಎಂದಿನಂತೆ 111 ಹೋಗಬೇಕು. ಬರುವುದೇ ಕಡಿಮೆ. ಜಂಕ್ಷನ್ ಮಟ್ಟ 85ಕ್ಕಿಂತ ಕೆಳಗೆ, 84.92ಕ್ಕೆ ಇಳಿದು, ಪೇಟೆ ಟ್ಯಾಂಕಿನಿಂದ ಸೆಕೆಂಡಿಗೆ ಐದೂವರೆ ಲೀಟರ್ ಹೊರಗೆ ಎಳೆಯುತ್ತದೆ. ಒಂದು ಕಾಲಕ್ಕೆ ಗಂಟೆಗೆ 91 ಸಾವಿರ ಲೀಟರ್ ಪಡೆಯುತ್ತಿದ್ದ ಟ್ಯಾಂಕ್ ಈಗ ಗಂಟೆಗೆ ಸುಮಾರು 20 ಸಾವಿರ ಲೀಟರ್ ಕಳೆದುಕೊಳ್ಳುತ್ತಿದೆ. ಯಾವ ಟ್ಯಾಂಕೂ ಕದಲಿಲ್ಲ, ಯಾವ ವಾಲ್ವನ್ನೂ ಯಾರೂ ಮುಟ್ಟಲಿಲ್ಲ. ಗುಡ್ಡದ ಪೈಪಿನಲ್ಲಿ ಅರ್ಧ ಮುಚ್ಚಿಕೊಂಡ ಹಳೆಯ ವಾಲ್ವೊಂದು ಮಣ್ಣಿನಡಿ ಮರೆತುಹೋಗಿದ್ದರೂ ಇದೇ ಫಲ.

ಇದನ್ನು ಹೊರಗಿನಿಂದ ಪತ್ತೆಹಚ್ಚುವುದು ಹೇಗೆ? ಜಂಕ್ಷನ್ನಿನಲ್ಲಿ ಪ್ರೆಶರ್ ಗೇಜ್ ಹಾಕುವುದು ಮೊದಲು ಹೊಳೆಯುವ ಉಪಾಯ. ಜಂಕ್ಷನ್ ನೆಲಮಟ್ಟ 50 ಮೀಟರಿನಲ್ಲಿದ್ದರೆ, ಹತ್ತು ಮೀಟರ್ ನೀರಿಗೆ ಒಂದು ಕೆಜಿಯ ಲೆಕ್ಕದಲ್ಲಿ, ಪೇಟೆ ಟ್ಯಾಂಕಿನ 85 ಮೀಟರಿಗೆ ಮೂರೂವರೆ ಕೆಜಿ. ಗೇಜು ಅದಕ್ಕಿಂತ ಹೆಚ್ಚು ತೋರಿಸಿದರೆ ನೀರು ಟ್ಯಾಂಕಿಗೆ ಹೋಗುತ್ತಿದೆ, ಕಡಿಮೆ ತೋರಿಸಿದರೆ ಬರುತ್ತಿದೆ. ಮಾತು ಸರಿ. ಆದರೆ ಪೈಪ್ ಹೊಸದಿದ್ದಾಗ ಓದಬೇಕಾದದ್ದು 3.67, ತುಕ್ಕು ಹಿಡಿದಾಗ 3.49. ಹತ್ತು ಕೆಜಿಯವರೆಗೆ ಗುರುತಿರುವ ಸಾಮಾನ್ಯ ಗೇಜಿನ ಮುಳ್ಳೇ ಅಷ್ಟು ಆಚೀಚೆ ತೋರಿಸಬಹುದು. 3.49 ಮತ್ತು 3.50ರ ವ್ಯತ್ಯಾಸವನ್ನಂತೂ ಕಣ್ಣಿನಲ್ಲಿ ಓದಲಾಗದು.

ಗೇಜನ್ನೇ ನೆಚ್ಚಬೇಕಾದರೆ ಒಂದು ಕ್ರಮವಿದೆ. ಗುಡ್ಡದ ವಾಲ್ವ್, ಬಡಾವಣೆ ವಾಲ್ವ್ ಎರಡನ್ನೂ ಮುಚ್ಚಿ, ಪೇಟೆಯದನ್ನು ಮಾತ್ರ ತೆರೆದಿಟ್ಟು ಗೇಜನ್ನು ಓದಿಕೊಳ್ಳಬೇಕು. ಆಗ ಎಲ್ಲೂ ಹರಿವಿಲ್ಲ, ಗೇಜು ತೋರಿಸುವುದು ಪೇಟೆ ಟ್ಯಾಂಕಿನ ಮಟ್ಟವನ್ನೇ. ಆಮೇಲೆ ಎರಡನ್ನೂ ನಿಧಾನವಾಗಿ ತೆರೆದು, ಹರಿವು ನೆಲೆಗೊಂಡ ಮೇಲೆ ಮತ್ತೆ ಓದಬೇಕು. ಮುಳ್ಳು ಮೊದಲಿನ ಜಾಗದಿಂದ ಮೇಲೆ ಹೋಯಿತೋ ಕೆಳಗೆ ಬಂತೋ ಎಂಬುದೇ ಉತ್ತರ, ಗೇಜಿನ ಮೂಲದೋಷ ಎರಡು ಓದಿನಲ್ಲೂ ಒಂದೇ ಆಗಿರುವುದರಿಂದ ಅಡ್ಡ ಬರುವುದಿಲ್ಲ.

ಇದಕ್ಕಿಂತ ಗಟ್ಟಿ ಸಾಕ್ಷಿ ಟ್ಯಾಂಕಿನೊಳಗೇ ಇದೆ. ಮನೆಗಳಿಗೆ ನೀರು ಬಿಡುವ ವಾಲ್ವನ್ನು ರಾತ್ರಿ ಹೊತ್ತು ಪೂರ್ತಿ ಮುಚ್ಚಿ, ಅಳತೆಪಟ್ಟಿಯಲ್ಲಿ ನೀರಿನ ಮಟ್ಟ ಗುರುತಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ನೋಡಬೇಕು. ಹತ್ತು ಮೀಟರ್ ಅಡ್ಡಗಲದ ನಮ್ಮ ಟ್ಯಾಂಕಿನಲ್ಲಿ ಪೈಪ್ ಹೊಸದಿದ್ದಾಗ ನೀರು ಅಷ್ಟರಲ್ಲಿ ಅರ್ಧ ಮೀಟರಿಗೂ ಹೆಚ್ಚು ಏರಿರುತ್ತದೆ. ತುಕ್ಕು ಹಿಡಿದಾಗ ಹನ್ನೆರಡು ಸೆಂಟಿಮೀಟರಿನಷ್ಟು ಇಳಿದಿರುತ್ತದೆ. ಗೇಜಿನ ಮುಳ್ಳು ಹೇಳಲಾರದ ವ್ಯತ್ಯಾಸವನ್ನು ಅಡಿಕೋಲು ಹೇಳುತ್ತದೆ. ಇಳಿಕೆ ಕಂಡರೆ ಅದು ಟ್ಯಾಂಕಿನ ಸೋರಿಕೆಯೂ ಆಗಿರಬಹುದು. ಜಂಕ್ಷನ್ನಿಗೆ ಹೋಗುವ ವಾಲ್ವನ್ನೂ ಮುಚ್ಚಿ ಇನ್ನರ್ಧ ಗಂಟೆ ನೋಡಿ. ಆಗ ಮಟ್ಟ ನಿಂತರೆ ನೀರು ಹೋಗುತ್ತಿದ್ದದ್ದು ಜಂಕ್ಷನ್ನಿನ ಕಡೆಗೇ.

ಈ ಲೆಕ್ಕ ಎಲ್ಲಿ ಸಲ್ಲುವುದಿಲ್ಲ ಎಂಬುದನ್ನೂ ಹೇಳಬೇಕು. ನಮ್ಮ ಕಡೆ ಅನೇಕ ಓವರ್‌ಹೆಡ್ ಟ್ಯಾಂಕುಗಳಲ್ಲಿ ನೀರು ಬರುವ ಪೈಪ್ ಮೇಲಿನಿಂದ ಬಂದು ಗಾಳಿಯಲ್ಲಿ ಸುರಿಯುತ್ತದೆ. ಅಲ್ಲಿ ಟ್ಯಾಂಕಿನ ನೀರಿನ ಮಟ್ಟದ ಬದಲು ಪೈಪಿನ ಬಾಯಿಯ ಎತ್ತರವನ್ನು ಹಿಡಿಯಬೇಕು. ಅಂಥ ಟ್ಯಾಂಕ್ ತೆಗೆದುಕೊಳ್ಳಬಲ್ಲದು, ಕೊಡಲಾರದು. ತಿರುವು ಮಟ್ಟ ಆ ಬಾಯಿಗಿಂತ ಕೆಳಗಿಳಿದರೆ ನೀರು ಬರುವುದು ನಿಲ್ಲುತ್ತದೆ, ಅಷ್ಟೇ. ಪೈಪಿನಲ್ಲಿ ಹಿಮ್ಮುಖ ತಡೆಯುವ ವಾಲ್ವ್ ಇದ್ದರೂ ಹಾಗೆಯೇ. ಜಂಕ್ಷನ್ನಿನಿಂದ ಟ್ಯಾಂಕಿನವರೆಗಿನ ದಾರಿಯಲ್ಲೇ ಮನೆಗಳಿಗೆ ಕವಲು ಕೊಟ್ಟಿದ್ದರೆ ಒಂದು ಪೈಪಿಗೆ ಒಂದೇ ಹರಿವು ಎಂಬ ನಮ್ಮ ಆಧಾರವೇ ತಪ್ಪುತ್ತದೆ. ತಿರುವು ಮತ್ತು ವಾಲ್ವುಗಳಲ್ಲಿ ಆಗುವ ಸಣ್ಣಪುಟ್ಟ ಇಳಿತಗಳನ್ನು ನಾವು ಬಿಟ್ಟಿದ್ದೇವೆ. ಪೈಪಿನ ಉದ್ದ ಅದರ ಅಗಲದ ಸಾವಿರ ಪಟ್ಟಿಗೂ ಹೆಚ್ಚಿದ್ದಾಗ ಹಾಗೆ ಬಿಡುವುದು ವಾಡಿಕೆ. ಟ್ಯಾಂಕುಗಳ ಮಟ್ಟವೂ ನಿಂತಲ್ಲಿ ನಿಲ್ಲುವುದಿಲ್ಲ, ಹೀಗಾಗಿ ಇಡೀ ದಿನದ ಚಿತ್ರ ಬೇಕಾದರೆ ಗಂಟೆಗೊಮ್ಮೆ ಮಟ್ಟವನ್ನು ಬದಲಿಸಿಕೊಂಡು ಮತ್ತೆ ಬಿಡಿಸಬೇಕು.

ಟ್ಯಾಂಕು, ಜಂಕ್ಷನ್ನುಗಳು ಹತ್ತಾರು ಆದಾಗ ಕೈಲೆಕ್ಕ ಸಾಲದು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಹಾರ್ಡಿ ಕ್ರಾಸ್ 1936ರಲ್ಲಿ ಪೈಪುಗಳ ಇಡೀ ಜಾಲವನ್ನು ಹೀಗೆಯೇ ಊಹಿಸಿ ತಿದ್ದುತ್ತಾ ಬಿಡಿಸುವ ಕ್ರಮಬದ್ಧ ದಾರಿ ಕೊಟ್ಟರು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1993ರಲ್ಲಿ ಹೊರತಂದ EPANET ಎಂಬ ಉಚಿತ ತಂತ್ರಾಂಶದಲ್ಲಿ ಈಗ ಅಂಥ ಜಾಲವನ್ನು ಕ್ಷಣದಲ್ಲಿ ಬಿಡಿಸಬಹುದು. ಒಳಗೆ ನಡೆಯುವುದು ಅದೇ ತೂಕ: ಪ್ರತಿ ಜಂಕ್ಷನ್ನಿಗೂ ಬಂದಷ್ಟೂ ಹೋಗಬೇಕು, ಅದಕ್ಕೆ ತಕ್ಕ ಮಟ್ಟ ಸಿಗುವವರೆಗೆ ತಿದ್ದಬೇಕು. ಪೈಪಿನೊಳಗೆ ಎಷ್ಟು ತುಕ್ಕಿದೆ ಎಂಬುದನ್ನು ಮಾತ್ರ ತಂತ್ರಾಂಶ ಊಹಿಸಲಾರದು, ಅದನ್ನು ಅಳೆದೇ ಕೊಡಬೇಕು.

ನಿಮ್ಮ ಊರಿನಲ್ಲಿ ಹೀಗೆ ಜೋಡಿಸಿದ ಪೈಪಿಗೆ ಹೊಸ ಟ್ಯಾಂಕ್ ಕಟ್ಟುವ ಮಾತು ಬಂದರೆ ಗ್ರಾಮಸಭೆಯಲ್ಲೋ ವಾರ್ಡ್ ಸಭೆಯಲ್ಲೋ ಎದ್ದು ಒಂದು ಪ್ರಶ್ನೆ ಕೇಳಿ: ಈ ಟ್ಯಾಂಕಿನ ಪೈಪಿನಲ್ಲಿ ಹರಿವು ಸೊನ್ನೆಯಾಗುವುದು ಎಷ್ಟು ಎತ್ತರದಲ್ಲಿ? ಈಗಿರುವ ಹಳೆಯ ಪೈಪುಗಳನ್ನು ಅಳೆದು ಹಾಕಿದ ಲೆಕ್ಕವಿರಲಿ. ಆ ಅಂಕಿ ಟ್ಯಾಂಕಿನ ತುಂಬುಮಟ್ಟಕ್ಕಿಂತ ಮೇಲಿದ್ದರೆ ಕಟ್ಟಬಹುದು. ಕೆಳಗಿದ್ದರೆ ಕಾಂಕ್ರೀಟ್ ಹಾಕುವ ಮೊದಲು ಗುಡ್ಡದ ಪೈಪನ್ನು ನೋಡಲು ಹೇಳಿ.